ಲೆಕ್ಕ ಮುಚ್ಚಿದ ಮೇಲೆ ಸಿಕ್ಕ ತಪ್ಪು: ಜೀಪಿನ ಖಾತೆಗೆ ಹೋದ ಯಂತ್ರದ ರಿಪೇರಿ

ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಅಡಿಕೆ ಸಂಸ್ಕರಣಾ ಘಟಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇಲ್ಲಿ ಬರುವ ಅಂಕಿಗಳನ್ನು ವಿವರಣೆಗೆಂದೇ ಆರಿಸಿಕೊಂಡಿದ್ದೇನೆ. ಆದರೆ ಇಂಥ ತಪ್ಪು ಕೊಯ್ಲಿನ ಕಾಲದಲ್ಲಿ ಯಾವ ಘಟಕದಲ್ಲಾದರೂ ಆಗಬಹುದಾದದ್ದು. ಈ ಘಟಕ ಬೆಳೆಗಾರರಿಂದ ಹಸಿ ಅಡಿಕೆ ಕೊಂಡು, ಸುಲಿದು, ಬೇಯಿಸಿ, ಒಣಗಿಸಿ ಮಾರುತ್ತದೆ. ನವೆಂಬರಿನಲ್ಲಿ ಕೊಯ್ಲು ಜೋರಾಗಿದ್ದಾಗ ಅಡಿಕೆ ಸುಲಿಯುವ ಯಂತ್ರದ ಬೇರಿಂಗ್ ಮತ್ತು ಬ್ಲೇಡುಗಳು ಕೆಟ್ಟವು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಒಂದು ವರ್ಕ್‌ಶಾಪಿನವರು ಬಂದು ಸರಿಪಡಿಸಿ, 24,000 ರೂಪಾಯಿಗೆ ಶೇ. 18ರ ಜಿಎಸ್‌ಟಿ 4,320 ಸೇರಿಸಿ, 28,320 ರೂಪಾಯಿಯ ಬಿಲ್ಲು ಕೊಟ್ಟರು. ಘಟಕದ ಜೀಪನ್ನು ರಿಪೇರಿ ಮಾಡುವವರೂ ಅವರೇ. ಲೆಕ್ಕ ಬರೆಯುವವರು ವರ್ಕ್‌ಶಾಪಿನ ಹೆಸರು ನೋಡಿ, ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ `Rep` ಎಂದು ಒತ್ತಿದರು. ಪಟ್ಟಿಯಲ್ಲಿ `Repairs - Jeep` ಮೇಲಿತ್ತು, `Repairs - Machinery` ಅದರ ಕೆಳಗಿತ್ತು. ಮೇಲಿನದೇ ಆಯ್ಕೆಯಾಯಿತು. ಜೀಪಿನ ರಿಪೇರಿಗೆ ಕೊಟ್ಟ ಜಿಎಸ್‌ಟಿಗೆ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಘಟಕ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಲಾಗದು ಎಂದು ಗೊತ್ತಿದ್ದ ಅವರು ತೆರಿಗೆಯನ್ನು ಬೇರೆ ಮಾಡದೆ 28,320ನ್ನೂ ಖರ್ಚಿಗೇ ಹಾಕಿದರು. ಜೀಪಿನ ಬಿಲ್ಲಾಗಿದ್ದರೆ ಅದು ಸರಿಯಾದ ಕ್ರಮವೇ ಆಗಿತ್ತು.

ತಪ್ಪು ಕಣ್ಣಿಗೆ ಬಿದ್ದದ್ದು ಡಿಸೆಂಬರ್ 23ರಂದು. ಅಷ್ಟರಲ್ಲಿ ನವೆಂಬರಿನ ಲೆಕ್ಕ ಮುಚ್ಚಿ, ಲಾಭ–ನಷ್ಟದ ಪಟ್ಟಿ ಮಾಲೀಕರ ಕೈ ಸೇರಿತ್ತು. ಸಾಲ ಕೊಟ್ಟ ಬ್ಯಾಂಕಿಗೆ ತಿಂಗಳ ದಾಸ್ತಾನು ಪಟ್ಟಿ ಹೋಗಿತ್ತು. ನವೆಂಬರಿನ ಜಿಎಸ್‌ಟಿ ರಿಟರ್ನ್ ಡಿಸೆಂಬರ್ 20ಕ್ಕೆ ಸಲ್ಲಿಕೆಯಾಗಿತ್ತು. ಮಾಲೀಕರು ಪಟ್ಟಿ ನೋಡುತ್ತಾ, “ಜೀಪಿಗೆ ಒಂದೇ ತಿಂಗಳಲ್ಲಿ 31,520 ರೂಪಾಯಿ ಹೇಗಾಯ್ತು? ಎಂಜಿನ್ ಇಳಿಸಿದ್ದು ನೆನಪಿಲ್ಲವಲ್ಲ” ಎಂದು ಕೇಳಿದಾಗ ಬಿಲ್ಲನ್ನು ಹೊರತೆಗೆದು ಓದಲಾಯಿತು. ಬಿಲ್ಲಿನ ವಿವರದಲ್ಲಿ ಸುಲಿಯುವ ಯಂತ್ರದ ಹೆಸರು ಸ್ಪಷ್ಟವಾಗಿಯೇ ಇತ್ತು.

ಇಂಥ ತಪ್ಪನ್ನು, ಎಲ್ಲ ಖಾತೆಗಳ ಡೆಬಿಟ್ ಮತ್ತು ಕ್ರೆಡಿಟ್ ಮೊತ್ತಗಳನ್ನು ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್ ಎಂದಿಗೂ ತೋರಿಸಿಕೊಡುವುದಿಲ್ಲ. ಡೆಬಿಟ್ಟೂ 28,320, ಕ್ರೆಡಿಟ್ಟೂ 28,320. ಎರಡು ಬದಿಯ ಮೊತ್ತ ಸರಿಹೋಗುತ್ತದೆ, ಹಣ ಬಿದ್ದ ಖಾತೆ ಮಾತ್ರ ಬೇರೆ. ವರ್ಕ್‌ಶಾಪಿನ ಖಾತೆಯೂ ಸರಿಯಾಗಿದೆ, ಅವರಿಗೆ ಬ್ಯಾಂಕಿನಿಂದ ಹೋದ ಹಣವೂ ಸರಿಯಾಗಿದೆ. ಆದ್ದರಿಂದ ಇದು ಸಿಗುವ ದಾರಿ ಒಂದೇ: ಪ್ರತಿ ಖರ್ಚಿನ ಖಾತೆಯನ್ನು ಹಿಂದಿನ ತಿಂಗಳುಗಳ ಪಕ್ಕದಲ್ಲಿಟ್ಟು ನೋಡುವುದು. ತಿಂಗಳಿಗೆ ಸುಮಾರು ಮೂರು ಸಾವಿರ ತೋರಿಸುತ್ತಿದ್ದ ಖಾತೆ ಒಮ್ಮೆಗೇ ಮೂವತ್ತು ಸಾವಿರ ದಾಟಿದರೆ, ಮತ್ತು ಅದೇ ತಿಂಗಳು ಯಂತ್ರ ಎರಡು ಪಾಳಿಯಲ್ಲಿ ಓಡಿದ್ದರೂ ಅದರ ರಿಪೇರಿ ಖಾತೆ ಏರದೆ ನಿಂತಿದ್ದರೆ, ಆ ಎರಡನ್ನೂ ಒಟ್ಟಿಗೆ ಪರೀಕ್ಷಿಸಬೇಕು.

ಈಗ ಎಲ್ಲರಿಗೂ ಮೊದಲು ಬರುವ ಯೋಚನೆ ನವೆಂಬರಿನ ವೋಚರನ್ನು ತೆರೆದು ಖಾತೆಯ ಹೆಸರು ಬದಲಿಸಿಬಿಡುವುದು. ಟ್ಯಾಲಿಯಲ್ಲಿ ಅದು ಅರ್ಧ ನಿಮಿಷದ ಕೆಲಸ, ಮತ್ತು ತಿಂಗಳು ಮುಚ್ಚುವ ಮೊದಲೇ ತಪ್ಪು ಸಿಕ್ಕಿದ್ದರೆ ನಾನೂ ಅದನ್ನೇ ಮಾಡಿಸುತ್ತಿದ್ದೆ. ಮುಚ್ಚಿದ ಮೇಲೆ ಹಾಗೆ ಮಾಡಬಾರದು ಎನ್ನುವುದಕ್ಕೆ ಕಾರಣ ಸರಳವಾಗಿದೆ: ಮುಚ್ಚಿದ ತಿಂಗಳ ಅಂಕಿಗಳು ಪುಸ್ತಕದಿಂದ ಹೊರಗೆ ಹೋಗಿವೆ. ಮಾಲೀಕರ ಕೈಯಲ್ಲಿರುವ ಕಾಗದ ನವೆಂಬರಿನ ಜೀಪ್ ರಿಪೇರಿ 31,520 ಎನ್ನುತ್ತದೆ. ಡಿಸೆಂಬರ್ 23ರ ನಂತರ ಕಂಪ್ಯೂಟರ್ ಅದನ್ನೇ 3,200 ಎಂದು ತೋರಿಸಿದರೆ, ಎರಡರ ನಡುವೆ ಏನಾಯಿತು ಎಂಬುದಕ್ಕೆ ಪುಸ್ತಕದಲ್ಲಿ ಉತ್ತರ ಇರುವುದಿಲ್ಲ. ಮಾರ್ಚ್ ಕಳೆದು ಲೆಕ್ಕಪರಿಶೋಧಕರು ಕೇಳುವ ಹೊತ್ತಿಗೆ ಯಾರಿಗೂ ನೆನಪೂ ಇರುವುದಿಲ್ಲ. ಕಂಪನಿ ಕಾಯ್ದೆಯಡಿ ನೋಂದಾಯಿತವಾದ ಕಂಪನಿಗಳಿಗಂತೂ 2023ರ ಏಪ್ರಿಲ್ 1ರಿಂದ, ಪ್ರತಿ ಬದಲಾವಣೆಯನ್ನೂ ದಿನಾಂಕದೊಡನೆ ದಾಖಲಿಸುವ, ಆ ದಾಖಲೆಯನ್ನು ನಿಲ್ಲಿಸಲಾಗದ ಲೆಕ್ಕದ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವಿದೆ. ನಮ್ಮ ಘಟಕ ಒಬ್ಬರ ಮಾಲೀಕತ್ವದ್ದಾದ್ದರಿಂದ ಆ ನಿಯಮ ಇದಕ್ಕೆ ಅನ್ವಯಿಸುವುದಿಲ್ಲ. ಆದರೂ ಅದರ ಹಿಂದಿನ ಕಾರಣ ಇಲ್ಲಿಗೂ ಹೊಂದುತ್ತದೆ. ನವೆಂಬರಿನ ತಪ್ಪು ನವೆಂಬರಿನಲ್ಲಿಯೇ ಕಾಣುವಂತೆ ಉಳಿಯಬೇಕು, ತಿದ್ದುಪಡಿ ಡಿಸೆಂಬರಿನಲ್ಲಿ ಕಾಣಬೇಕು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ವಿವರಣೆಯಲ್ಲಿ ಬರೆದಿರಬೇಕು.

ತಿದ್ದುಪಡಿಯ ನಮೂದನ್ನು ನೇರವಾಗಿ ಬರೆಯಲು ಕೂರುವುದೇ ಹೆಚ್ಚಿನ ಎಡವಟ್ಟುಗಳ ಮೂಲ. ಮೊದಲು ಒಂದು ಕಾಗದದಲ್ಲಿ ಎರಡು ಸಂಗತಿಗಳನ್ನು ಬರೆದುಕೊಳ್ಳಬೇಕು. ಮೊದಲನೆಯದು, ನಿಜವಾಗಿ ಪುಸ್ತಕದಲ್ಲಿ ಏನು ಬರೆದಿದೆ ಎಂಬುದು: ಜೀಪ್ ರಿಪೇರಿ ಖಾತೆಗೆ 28,320 ಡೆಬಿಟ್, ವರ್ಕ್‌ಶಾಪಿನ ಖಾತೆಗೆ 28,320 ಕ್ರೆಡಿಟ್. ಇದನ್ನು ನೆನಪಿನಿಂದಲೋ ಬಿಲ್ಲಿನಿಂದಲೋ ಬರೆಯದೆ ವೋಚರನ್ನು ತೆರೆದು ನೋಡಿಯೇ ಬರೆಯಬೇಕು. ಎರಡನೆಯದು, ಬಿಲ್ಲನ್ನು ಸರಿಯಾಗಿ ಓದಿದ್ದರೆ ಏನು ಬರೆಯಬೇಕಾಗಿತ್ತು ಎಂಬುದು: ಯಂತ್ರ ರಿಪೇರಿ ಖಾತೆಗೆ 24,000, ಕೇಂದ್ರ ಜಿಎಸ್‌ಟಿ ಇನ್‌ಪುಟ್ ಖಾತೆಗೆ 2,160, ರಾಜ್ಯ ಜಿಎಸ್‌ಟಿ ಇನ್‌ಪುಟ್ ಖಾತೆಗೆ 2,160 ಡೆಬಿಟ್, ವರ್ಕ್‌ಶಾಪಿನ ಖಾತೆಗೆ 28,320 ಕ್ರೆಡಿಟ್. ಈ ಎರಡರ ನಡುವಿನ ವ್ಯತ್ಯಾಸವೇ ತಿದ್ದುಪಡಿಯ ನಮೂದು. ವರ್ಕ್‌ಶಾಪಿನ ಖಾತೆ ಎರಡರಲ್ಲೂ ಒಂದೇ ಆಗಿರುವುದರಿಂದ ಅದು ನಮೂದಿನಲ್ಲಿ ಬರುವುದೇ ಇಲ್ಲ. ಉಳಿಯುವುದು ಇಷ್ಟು:

```
ದಿನಾಂಕ: ಡಿಸೆಂಬರ್ 23        ಜರ್ನಲ್ (F7)

ಯಂತ್ರ ರಿಪೇರಿ ಖಾತೆ           ಡೆಬಿಟ್   24,000
ಕೇಂದ್ರ ಜಿಎಸ್‌ಟಿ ಇನ್‌ಪುಟ್       ಡೆಬಿಟ್    2,160
ರಾಜ್ಯ ಜಿಎಸ್‌ಟಿ ಇನ್‌ಪುಟ್         ಡೆಬಿಟ್    2,160
    ಜೀಪ್ ರಿಪೇರಿ ಖಾತೆ         ಕ್ರೆಡಿಟ್  28,320
```

ಬಿಲ್ಲನ್ನು ಮಾತ್ರ ನೋಡಿ ನಮೂದು ಬರೆಯುವವರು ಇಲ್ಲಿ 24,000ನ್ನು ಮಾತ್ರ ಜೀಪಿನಿಂದ ಯಂತ್ರಕ್ಕೆ ಸರಿಸುತ್ತಾರೆ, ಏಕೆಂದರೆ ರಿಪೇರಿಯ ವೆಚ್ಚ ಅಷ್ಟೇ ಎಂದು ಬಿಲ್ಲು ಹೇಳುತ್ತದೆ. ಆಗ 4,320 ರೂಪಾಯಿ ಜೀಪಿನ ಖಾತೆಯಲ್ಲಿಯೇ ಉಳಿದು, ಘಟಕಕ್ಕೆ ಸಿಗಬೇಕಾದ ತೆರಿಗೆಯ ಕ್ರೆಡಿಟ್ ಖರ್ಚಿನೊಳಗೆ ಕರಗಿಹೋಗುತ್ತದೆ. ಇದಕ್ಕೆ ವಿರುದ್ಧವಾಗಿ ಘಟಕದ ವಾಹನ ಜೀಪಾಗಿರದೆ ಸರಕು ಸಾಗಿಸುವ ಪಿಕಪ್ ಆಗಿದ್ದರೆ, ಅದರ ರಿಪೇರಿಯ ತೆರಿಗೆಗೂ ಕ್ರೆಡಿಟ್ ಸಿಗುತ್ತಿದ್ದುದರಿಂದ ಮೊದಲಿಗೇ 24,000 ಮಾತ್ರ ಖರ್ಚಿಗೆ ಬಿದ್ದಿರುತ್ತಿತ್ತು, ತಿದ್ದುಪಡಿಯೂ 24,000ಕ್ಕೇ ಮುಗಿಯುತ್ತಿತ್ತು. ಚಾಲಕನೂ ಸೇರಿ 13 ಜನರವರೆಗೆ ಕೂರುವ ಪ್ರಯಾಣಿಕ ವಾಹನಗಳ ವಿಷಯದಲ್ಲಿ ಮಾತ್ರ, ಕೆಲವು ಉದ್ಯಮಗಳನ್ನು ಬಿಟ್ಟರೆ, ರಿಪೇರಿಯ ತೆರಿಗೆಗೆ ಕ್ರೆಡಿಟ್ ಇಲ್ಲ. ಹೀಗಾಗಿ ಎಷ್ಟು ಸರಿಸಬೇಕು ಎಂಬುದನ್ನು ಹಿಂದೆ ಬರೆದ ವೋಚರೇ ಹೇಳಬೇಕು.

ಕೆಲವರು ಹಳೆಯ ನಮೂದನ್ನು ಪೂರ್ತಿಯಾಗಿ ತಿರುಗಿಸಿ, ಸರಿಯಾದ ನಮೂದನ್ನು ಹೊಸದಾಗಿ ಹಾಕುವ ಎರಡು ಹಂತದ ಕ್ರಮವನ್ನು ಮೆಚ್ಚುತ್ತಾರೆ. ಓದುವವರಿಗೆ ಅದು ಸ್ಪಷ್ಟ ಎಂಬುದು ನಿಜ. ಆದರೆ ಈ ಪ್ರಕರಣದಲ್ಲಿ ನಾನು ಅದನ್ನು ಒಪ್ಪುವುದಿಲ್ಲ. ತಿರುಗಿಸಲು ವರ್ಕ್‌ಶಾಪಿನ ಖಾತೆಯನ್ನು ಮುಟ್ಟಬೇಕಾಗುತ್ತದೆ. ಅವರು ಕೊಟ್ಟದ್ದು ಒಂದೇ ಬಿಲ್ಲಾದರೂ ನಮ್ಮ ಪುಸ್ತಕದಲ್ಲಿ ಅವರ ಹೆಸರಿನಲ್ಲಿ ಮೂರು ನಮೂದುಗಳು ನಿಲ್ಲುತ್ತವೆ. ಯಾರಾದರೂ ತಿರುಗಿಸುವ ಕೆಲಸವನ್ನು ಡೆಬಿಟ್ ನೋಟಿನ ಮೂಲಕ ಮಾಡಿದರಂತೂ, ಸರಕು ಹಿಂದಿರುಗಿಸಿದಂತೆ ಅದು ಜಿಎಸ್‌ಟಿಯ ಪಟ್ಟಿಗಳೊಳಗೆ ಸೇರಿಕೊಂಡು ಹೊಸ ತೊಡಕು ತರುತ್ತದೆ.

ನಮೂದಿನ ಕೆಳಗೆ ಬರೆಯುವ ವಿವರಣೆಗೆ ನಮ್ಮ ಕಡೆ ಸಾಕಷ್ಟು ಗಮನ ಕೊಡುವುದಿಲ್ಲ ಎಂಬುದು ನನ್ನ ಅನುಭವ. “ತಪ್ಪು ತಿದ್ದಿದ್ದು” ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಹಳೆಯ ವೋಚರಿನ ಸಂಖ್ಯೆ ಮತ್ತು ದಿನಾಂಕ, ವರ್ಕ್‌ಶಾಪಿನ ಬಿಲ್ಲಿನ ಸಂಖ್ಯೆ, ತಪ್ಪು ಏನಾಗಿತ್ತು, ಯಾರು ಯಾವಾಗ ಕಂಡುಹಿಡಿದರು, ಯಾರ ಒಪ್ಪಿಗೆಯಿಂದ ತಿದ್ದಲಾಯಿತು ಎಂಬುದಷ್ಟೂ ಅಲ್ಲಿರಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: “ಸುಲಿಯುವ ಯಂತ್ರದ ಬೇರಿಂಗ್, ಬ್ಲೇಡ್ ರಿಪೇರಿಯ ಬಿಲ್ಲು ನವೆಂಬರಿನ ಖರೀದಿ ವೋಚರ್ 212ರಲ್ಲಿ ತೆರಿಗೆಯೂ ಸೇರಿ ಜೀಪ್ ರಿಪೇರಿಗೆ ಹೋಗಿತ್ತು; ಈಗ ಯಂತ್ರ ರಿಪೇರಿಗೆ ಮತ್ತು ಇನ್‌ಪುಟ್ ತೆರಿಗೆಗೆ ಸರಿಸಲಾಗಿದೆ. ನವೆಂಬರಿನ ಖಾತೆ ಪರಿಶೀಲನೆಯಲ್ಲಿ ಡಿ. 23ರಂದು ಕಂಡದ್ದು. ಮಾಲೀಕರ ಒಪ್ಪಿಗೆ ಇದೆ.” ಬಿಲ್ಲಿನ ಒಂದು ಪ್ರತಿಯನ್ನು ಈ ಜರ್ನಲ್ ವೋಚರಿಗೂ ಲಗತ್ತಿಸಿ, ನವೆಂಬರಿನ ಕಡತದಲ್ಲಿರುವ ಮೂಲ ಬಿಲ್ಲಿನ ಮೇಲೆ ಈ ಜರ್ನಲಿನ ಸಂಖ್ಯೆಯನ್ನು ಪೆನ್ಸಿಲಿನಲ್ಲಾದರೂ ಬರೆದಿಟ್ಟರೆ, ಯಾವ ತುದಿಯಿಂದ ಹುಡುಕಿದರೂ ಇನ್ನೊಂದು ತುದಿ ಸಿಗುತ್ತದೆ.

ನಮೂದು ಹಾಕಿದ ಮೇಲೆ ಅದು ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಇಲ್ಲಿಯೂ ಟ್ರಯಲ್ ಬ್ಯಾಲೆನ್ಸ್ ಸಹಾಯಕ್ಕೆ ಬರುವುದಿಲ್ಲ. ಡೆಬಿಟ್–ಕ್ರೆಡಿಟ್ ತಿರುವುಮುರುವಾಗಿ ಬಿದ್ದರೂ ಅದು ಸರಿಹೋಗುತ್ತದೆ. ಜೀಪಿನ ಖಾತೆಯನ್ನು ನವೆಂಬರ್ 1ರಿಂದ ಡಿಸೆಂಬರ್ 31ರವರೆಗೆ ತೆರೆದು, ಆ ಎರಡು ತಿಂಗಳ ನಿವ್ವಳ ಮೊತ್ತವನ್ನು ಕಡತದಲ್ಲಿರುವ ನಿಜವಾದ ಜೀಪಿನ ಬಿಲ್ಲುಗಳ ಮೊತ್ತದೊಡನೆ ಹೋಲಿಸಬೇಕು. ನವೆಂಬರಿನ ನಿಜವಾದ ಬಿಲ್ಲುಗಳು 3,200, ಡಿಸೆಂಬರಿನವು 2,900, ಒಟ್ಟು 6,100. ಖಾತೆಯಲ್ಲಿ ನವೆಂಬರಿನ 31,520, ಡಿಸೆಂಬರಿನ 2,900, ಅದರಲ್ಲಿ 28,320 ಕಳೆದರೆ 6,100. ಎರಡೂ ಒಂದೇ ಆದವು. ನಮೂದು ತಿರುವುಮುರುವಾಗಿದ್ದರೆ ಇಲ್ಲಿ 62,740 ಕಾಣುತ್ತಿತ್ತು. ತಪ್ಪಿನ ಎರಡರಷ್ಟು, ಅಂದರೆ 56,640, ಹೆಚ್ಚು ಬಂದಿದ್ದರೆ ಬದಿ ಅದಲುಬದಲಾಗಿದೆ ಎಂದೇ ಅರ್ಥ. ವರ್ಕ್‌ಶಾಪಿನ ಖಾತೆಯನ್ನೂ ಒಮ್ಮೆ ನೋಡಬೇಕು. ಅವಸರದಲ್ಲಿ ಬರೆಯುವವರು ಯಂತ್ರ ರಿಪೇರಿಗೆ ಡೆಬಿಟ್ ಹಾಕಿ, ಕ್ರೆಡಿಟನ್ನು ಅಭ್ಯಾಸಬಲದಿಂದ ವರ್ಕ್‌ಶಾಪಿಗೆ ಕೊಟ್ಟಿರುತ್ತಾರೆ. ಹಾಗಾದರೆ ಒಂದೇ ಬಿಲ್ಲಿನ ಹಣವನ್ನು ಎರಡನೆಯ ಸಲ ಕೊಡಬೇಕಾದಂತೆ ಪುಸ್ತಕ ತೋರಿಸುತ್ತದೆ. ಅವರು ಕಳಿಸುವ ಬಾಕಿ ಪಟ್ಟಿಯೊಡನೆ ನಮ್ಮ ಬಾಕಿ ಹೊಂದದಿರುವುದು ಇದರ ಗುರುತು.

ಡಿಸೆಂಬರಿನ ಪಟ್ಟಿಯಲ್ಲಿ ಜೀಪ್ ರಿಪೇರಿಯ ಸಾಲಿನಲ್ಲಿ ಋಣ 25,420 ರೂಪಾಯಿ ಕಾಣುತ್ತದೆ. ಖರ್ಚು ಋಣವಾಗಿ ಕಂಡರೆ ಯಾರಿಗಾದರೂ ಗಾಬರಿಯಾಗುವುದು ಸಹಜ, ಮತ್ತು ಆ ಗಾಬರಿಯನ್ನು ತಪ್ಪಿಸಲೆಂದೇ ಹಲವರು ಹಳೆಯ ವೋಚರನ್ನು ತಿದ್ದುವ ದಾರಿ ಹಿಡಿಯುತ್ತಾರೆ. ಅದರ ಬದಲು ಪಟ್ಟಿಯ ಕೆಳಗೆ ಎರಡು ಸಾಲಿನ ಟಿಪ್ಪಣಿ ಕೊಟ್ಟು, ತಿಂಗಳುಗಳನ್ನು ಹೋಲಿಸಬೇಕಾದವರಿಗಾಗಿ ತಿದ್ದಿದ ಅಂಕಿಗಳ ಬೇರೊಂದು ಅಂಕಣ ಇಡಬೇಕು. ಅದರಲ್ಲಿ ಯಂತ್ರ ರಿಪೇರಿ ನವೆಂಬರಿಗೆ ಪುಸ್ತಕದ 11,500ರ ಬದಲು 35,500, ಡಿಸೆಂಬರಿಗೆ ಪುಸ್ತಕದ 33,800ರ ಬದಲು 9,800 ಎಂದಿರುತ್ತದೆ. ಎರಡು ತಿಂಗಳ ಮೊತ್ತ ಎರಡೂ ಅಂಕಣಗಳಲ್ಲಿ 45,300. ಏಪ್ರಿಲಿನಿಂದ ಡಿಸೆಂಬರಿನವರೆಗಿನ ಒಟ್ಟು ಲೆಕ್ಕ ಪುಸ್ತಕದಲ್ಲಿಯೇ ಸರಿಯಾಗಿರುವುದರಿಂದ ಅದಕ್ಕೆ ಟಿಪ್ಪಣಿಯೂ ಬೇಕಾಗಿಲ್ಲ.

ತೆರಿಗೆಯ ಭಾಗ ಜರ್ನಲ್ ಹಾಕಿದ ಮಾತ್ರಕ್ಕೆ ಮುಗಿಯುವುದಿಲ್ಲ. ಪುಸ್ತಕದಲ್ಲಿ 4,320 ಇನ್‌ಪುಟ್ ಎಂದು ಬರೆದುಕೊಂಡರೂ, ಆ ಕ್ರೆಡಿಟ್ ಸಿಗುವುದು ರಿಟರ್ನಿನ ಮೂಲಕ. ಮೊದಲು, ಮಾರಿದವರು ಸಲ್ಲಿಸಿದ ಬಿಲ್ಲುಗಳನ್ನು ಕೊಂಡವರಿಗೆ ತೋರಿಸುವ, ಜಿಎಸ್‌ಟಿ ಪೋರ್ಟಲಿನ `GSTR-2B` ಪಟ್ಟಿಯಲ್ಲಿ ವರ್ಕ್‌ಶಾಪಿನ ಬಿಲ್ಲು ನಮ್ಮ ನೋಂದಣಿ ಸಂಖ್ಯೆಯಡಿ ಬಂದಿದೆಯೇ ಎಂದು ನೋಡಬೇಕು. ಆಮೇಲೆ ನವೆಂಬರಿನ ರಿಟರ್ನಾದ `GSTR-3B`ಯಲ್ಲಿ ಆ ಬಿಲ್ಲಿನ ತೆರಿಗೆಯನ್ನು ಏನು ಮಾಡಲಾಗಿತ್ತು ಎಂದು ನೋಡಬೇಕು. ಅದನ್ನು ತೋರಿಸದೆಯೇ ಬಿಟ್ಟಿದ್ದರೆ, ಜನವರಿ 20ರೊಳಗೆ ಸಲ್ಲಿಸುವ ಡಿಸೆಂಬರಿನ ರಿಟರ್ನಿನಲ್ಲಿ ಪಡೆಯಬಹುದು. ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30, ಅಥವಾ ಅದಕ್ಕೂ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದ್ದರೆ ಆ ದಿನ, ಇದಕ್ಕೆ ಕೊನೆಯ ಗಡುವು. ಆದರೆ ಕ್ರೆಡಿಟಿಗೆ ಅರ್ಹವಲ್ಲವೆಂದು ತೋರಿಸಿ ಕಳೆದುಬಿಟ್ಟಿದ್ದರೆ, ಅದನ್ನು ಮತ್ತೆ ಪಡೆಯುವ ಕ್ರಮವನ್ನು ತೆರಿಗೆ ಸಲಹೆಗಾರರೊಡನೆ ಮಾತಾಡಿಯೇ ನಿರ್ಧರಿಸಬೇಕು. ಪುಸ್ತಕದ ನಮೂದಿನಿಂದ ಅದು ಸರಿಹೋಗುವುದಿಲ್ಲ.

ಇನ್ನು ದಾಸ್ತಾನು. ಜೀಪಿನ ರಿಪೇರಿ ಸಾಮಾನ್ಯ ಆಡಳಿತ ಖರ್ಚು; ಸುಲಿಯುವ ಯಂತ್ರದ ರಿಪೇರಿಯಾದರೋ ಅಡಿಕೆಯನ್ನು ಸಂಸ್ಕರಿಸುವ ವೆಚ್ಚದ ಭಾಗ. ಉಳಿದ ಅಡಿಕೆಯನ್ನು ಸಂಸ್ಕರಣೆಯ ವೆಚ್ಚವೂ ಸೇರಿದ ಅಸಲಿನಲ್ಲಿ ಬೆಲೆ ಕಟ್ಟುವ ಘಟಕದಲ್ಲಿ ಈ ವ್ಯತ್ಯಾಸ ದಾಸ್ತಾನಿನವರೆಗೂ ಹೋಗುತ್ತದೆ. ನವೆಂಬರಿನಲ್ಲಿ 120 ಕ್ವಿಂಟಲ್ ಸಂಸ್ಕರಣೆಯಾಗಿ, ಅದರಲ್ಲಿ 45 ಕ್ವಿಂಟಲ್ ತಿಂಗಳ ಕೊನೆಗೆ ಉಳಿದಿತ್ತೆಂದು ಇಟ್ಟುಕೊಂಡರೆ, 24,000 ರೂಪಾಯಿ ಕ್ವಿಂಟಲಿಗೆ 200ರಂತೆ ಹಂಚಿಕೆಯಾಗಿ, ನವೆಂಬರಿನ ದಾಸ್ತಾನು 9,000 ರೂಪಾಯಿಯಷ್ಟು ಕಡಿಮೆ ಕಂಡಿದೆ. ಖರ್ಚಿಗೆ ಸೇರಿಹೋದ ತೆರಿಗೆ 4,320ನ್ನೂ ಕೂಡಿಸಿದರೆ ನವೆಂಬರಿನ ಲಾಭ 13,320 ರೂಪಾಯಿಯಷ್ಟು ಕಡಿಮೆಯಾಗಿ ತೋರಿದೆ. ಆ 45 ಕ್ವಿಂಟಲ್ ಡಿಸೆಂಬರಿನಲ್ಲಿ ಮಾರಾಟವಾದರೆ ಅಷ್ಟೇ ಮೊತ್ತ ಡಿಸೆಂಬರಿನ ಲಾಭದಲ್ಲಿ ಹೆಚ್ಚಾಗಿ ಬರುತ್ತದೆ. ಬ್ಯಾಂಕಿಗೆ ಹೋದ ದಾಸ್ತಾನು ಪಟ್ಟಿಯನ್ನು ಇದಕ್ಕಾಗಿ ಮತ್ತೆ ಕೊಡಬೇಕೇ ಎಂದರೆ, ಕ್ವಿಂಟಲಿಗೆ ನಲವತ್ತು ಸಾವಿರಕ್ಕೂ ಮಿಕ್ಕಿ ಬಾಳುವ ಸರಕಿನಲ್ಲಿ 200 ರೂಪಾಯಿಯ ವ್ಯತ್ಯಾಸ ಸಾಲದ ಮಿತಿಯನ್ನು ಅಲುಗಿಸುವಂಥದ್ದಲ್ಲ, ಅಲ್ಲದೆ ದಾಸ್ತಾನು ಕಂಡದ್ದು ಕಡಿಮೆಯೇ ಹೊರತು ಹೆಚ್ಚಲ್ಲ. ಆದ್ದರಿಂದ ಬೇಡ ಎನ್ನುತ್ತೇನೆ. ತಪ್ಪಿನಿಂದ ದಾಸ್ತಾನು ಲಕ್ಷಗಟ್ಟಲೆ ಹೆಚ್ಚು ಕಂಡಿದ್ದರೆ ಬ್ಯಾಂಕಿಗೆ ತಿಳಿಸಲೇಬೇಕಾಗುತ್ತಿತ್ತು.

ಡಿಸೆಂಬರಿನ ಲೆಕ್ಕದಲ್ಲಿ ಮಾತ್ರ ಒಂದು ಎಚ್ಚರ ಅಗತ್ಯ. ಆ ತಿಂಗಳ ಸಂಸ್ಕರಣಾ ವೆಚ್ಚವನ್ನು ಕ್ವಿಂಟಲಿಗೆ ಹಂಚುವಾಗ ಯಂತ್ರ ರಿಪೇರಿ ಖಾತೆಯ 33,800ನ್ನು ಹಾಗೆಯೇ ಎತ್ತಿಕೊಂಡರೆ, ನವೆಂಬರಿನ ಅಡಿಕೆಗೆ ಸೇರಿದ 24,000 ಡಿಸೆಂಬರಿನ ಅಡಿಕೆಯ ಮೇಲೆ ಬೀಳುತ್ತದೆ, ಮತ್ತು ತಿದ್ದುಪಡಿಯೇ ಡಿಸೆಂಬರಿನ ದಾಸ್ತಾನನ್ನು ಉಬ್ಬಿಸುತ್ತದೆ. ಹಂಚಬೇಕಾದ್ದು 9,800 ಮಾತ್ರ. ದಾಸ್ತಾನಿನ ಲೆಕ್ಕವನ್ನು ಎಕ್ಸೆಲ್ ಹಾಳೆಯಲ್ಲಿ ಬೇರೆಯಾಗಿ ಮಾಡುವ ಕಡೆ ಈ ತಪ್ಪು ಸುಲಭವಾಗಿ ನುಸುಳುತ್ತದೆ, ಏಕೆಂದರೆ ಆ ಹಾಳೆಗೆ ಖಾತೆಯ ಮೊತ್ತ ಮಾತ್ರ ಬರುತ್ತದೆ, ವೋಚರಿನ ವಿವರಣೆ ಬರುವುದಿಲ್ಲ.

ಇದೇ ತಪ್ಪು ಮಾರ್ಚ್ 31ರ ಗಡಿ ದಾಟಿದ ಮೇಲೆ ಸಿಕ್ಕಿದರೆ ಉತ್ತರ ಬದಲಾಗುತ್ತದೆ. ವರ್ಷದ ಲೆಕ್ಕ ಇನ್ನೂ ಅಂತಿಮವಾಗಿ ಸಹಿಯಾಗಿಲ್ಲದಿದ್ದರೆ, ಮಾರ್ಚ್ 31ರ ದಿನಾಂಕದಲ್ಲಿಯೇ ಮೇಲಿನ ಜರ್ನಲನ್ನು ಹಾಕಬಹುದು. ಸಹಿಯಾಗಿ ಮುಗಿದಿದ್ದರೆ, ಜೀಪ್ ರಿಪೇರಿ, ಯಂತ್ರ ರಿಪೇರಿ ಎಂಬ ಆ ವರ್ಷದ ಖಾತೆಗಳು ಲಾಭ–ನಷ್ಟದ ಮೂಲಕ ಮಾಲೀಕರ ಬಂಡವಾಳ ಖಾತೆಯಲ್ಲಿ ಸೇರಿ ಶೂನ್ಯವಾಗಿರುತ್ತವೆ. ಹೊಸ ವರ್ಷದಲ್ಲಿ ಜೀಪಿಗೆ 28,320 ಕ್ರೆಡಿಟ್ ಕೊಟ್ಟರೆ, ಕಳೆಯಲು ಅಲ್ಲಿ ಏನೂ ಇಲ್ಲದ ಕಾರಣ, ಎರಡು ವರ್ಷಗಳ ಎರಡು ಖಾತೆಗಳೂ ತಪ್ಪಾಗುತ್ತವೆ. ಆಗ ಒಂದು ಖರ್ಚಿನಿಂದ ಇನ್ನೊಂದಕ್ಕೆ ಸೇರಬೇಕಾಗಿದ್ದ 24,000ಕ್ಕೆ ನಮೂದೇ ಬೇಕಾಗಿಲ್ಲ. ಹಿಂದಿನ ವರ್ಷದ ಅಂಕಿಗಳನ್ನು ಹೋಲಿಕೆಗಾಗಿ ತೋರಿಸುವಾಗ ಟಿಪ್ಪಣಿಯೊಡನೆ ಸರಿಪಡಿಸಿದರೆ ಸಾಕು. ಕ್ರೆಡಿಟಿನ ಗಡುವು ಮೀರಿಲ್ಲದಿದ್ದರೆ 4,320ನ್ನು ಮಾತ್ರ ಇನ್‌ಪುಟ್ ತೆರಿಗೆಗೆ ಡೆಬಿಟ್ ಮಾಡಿ, ಹಿಂದಿನ ಅವಧಿಗೆ ಸೇರಿದ ಬಾಬ್ತು ಎಂಬ ಪ್ರತ್ಯೇಕ ಸಾಲಿಗೆ ಕ್ರೆಡಿಟ್ ಕೊಡಬೇಕು.